ಬೈಕಿನ ನಾಲ್ಕು ದೀಪಗಳು: ಗ್ಯಾರೇಜಿಗೆ ಹೋಗುವ ಮುನ್ನ ನೋಡಬೇಕಾದುದು

ತೋಟದ ಕೆಲಸಕ್ಕೆ ಬೈಕು ಇಟ್ಟುಕೊಂಡಿರುವ ಬೆಳೆಗಾರರಿಗೆ ಹಳೆಯ ಕಾರ್ಬೊರೇಟರ್ ಗಾಡಿಯ ಗುಣ ಚೆನ್ನಾಗಿ ಗೊತ್ತು. ಸ್ಟಾರ್ಟ್ ಆಗಲಿಲ್ಲವೆಂದರೆ ಪ್ಲಗ್ ಬಿಚ್ಚಿ ಒರೆಸುವುದು, ಚೋಕ್ ಎಳೆಯುವುದು, ಕಿಕ್ ಹೊಡೆಯುವುದು, ಅದೂ ಆಗದಿದ್ದರೆ ಇಳಿಜಾರಿನಲ್ಲಿ ತಳ್ಳುವುದು. 2020ರ ಏಪ್ರಿಲ್ ಒಂದರಿಂದ ಬಿ.ಎಸ್. 6 ಹೊಗೆ ನಿಯಮ ಜಾರಿಗೆ ಬಂದ ಮೇಲೆ ಮಾರಾಟವಾದ ಗಾಡಿಗಳಲ್ಲಿ ಬಹುತೇಕ ಎಲ್ಲವೂ ಇಂಜೆಕ್ಷನ್ ಗಾಡಿಗಳು. ಇವುಗಳಲ್ಲಿ ಚೋಕ್ ಇಲ್ಲ, ಅನೇಕವಕ್ಕೆ ಕಿಕ್ಕರ್ ಕೂಡ ಇಲ್ಲ. ಅದರ ಬದಲು ಮೀಟರಿನ ಮುಖದ ಮೇಲೆ ಕೆಲವು ಸಣ್ಣ ದೀಪಗಳಿವೆ. ಗಾಡಿ ನಿಂತಾಗ ಮೊದಲು ಮಾತನಾಡುವುದು ಆ ದೀಪಗಳೇ. ಅವುಗಳನ್ನು ಓದಲು ಬಾರದ ಕಾರಣ ಕೈಯಳತೆಯಲ್ಲಿ ಸರಿಹೋಗುವ ತೊಂದರೆಗೆ ಸಾವಿರಾರು ರೂಪಾಯಿ ತೆರುವುದು, ನಿಲ್ಲಿಸಬೇಕಾದ ಗಾಡಿಯನ್ನು ಓಡಿಸಿ ಇಂಜಿನ್ ಸುಟ್ಟುಕೊಳ್ಳುವುದು, ಎರಡೂ ನಡೆಯುತ್ತಿವೆ. ಆದ್ದರಿಂದ ಇಂಜೆಕ್ಷನ್ ದೋಷದ ದೀಪ, ನ್ಯೂಟ್ರಲ್ ದೀಪ, ಸೈಡ್ ಸ್ಟ್ಯಾಂಡಿನ ದೀಪ ಮತ್ತು ಇಂಜಿನ್ ಬಿಸಿಯ ದೀಪ, ಈ ನಾಲ್ಕರ ಬಗ್ಗೆ ಇಲ್ಲಿ ವಿವರಿಸಲಾಗಿದೆ.

ಮೊದಲು ಒಂದು ಅಭ್ಯಾಸ ಮಾಡಿಕೊಳ್ಳಬೇಕು. ಕೀ ತಿರುಗಿಸಿದ ಕೂಡಲೇ ಸ್ಟಾರ್ಟರ್ ಗುಂಡಿ ಒತ್ತಬಾರದು. ಎರಡು ಮೂರು ಸೆಕೆಂಡು ಸುಮ್ಮನಿದ್ದು ಮೀಟರ್ ನೋಡಬೇಕು. ಆಗ ಇಂಜಿನ್ನಿನ ಚಿತ್ರವಿರುವ ಹಳದಿ ದೀಪ ಹತ್ತುತ್ತದೆ. ಕೆಲವು ಗಾಡಿಗಳಲ್ಲಿ ಅದು ತಾನಾಗಿ ಆರುತ್ತದೆ, ಕೆಲವುಗಳಲ್ಲಿ ಇಂಜಿನ್ ಸ್ಟಾರ್ಟ್ ಆದ ಮೇಲೆ ಆರುತ್ತದೆ. ಅದೇ ಹೊತ್ತಿಗೆ ಟ್ಯಾಂಕಿನ ಒಳಗಿಂದ ಪೆಟ್ರೋಲ್ ಪಂಪು ‘ಗುಂಯ್’ ಎಂದು ಕ್ಷಣಕಾಲ ಸದ್ದು ಮಾಡಿ ನಿಲ್ಲುತ್ತದೆ. ಗಾಡಿ ನ್ಯೂಟ್ರಲ್‌ನಲ್ಲಿದ್ದರೆ ‘ಎನ್’ ಅಕ್ಷರದ ಹಸಿರು ದೀಪ ಇರುತ್ತದೆ, ಸ್ಟ್ಯಾಂಡು ಇಳಿದಿದ್ದರೆ ಅದರ ದೀಪವೂ ಇರುತ್ತದೆ. ಗಾಡಿ ಚೆನ್ನಾಗಿರುವ ದಿನಗಳಲ್ಲಿ ಇವೆಲ್ಲ ಹೇಗೆ ಹತ್ತಿ ಹೇಗೆ ಆರುತ್ತವೆ ಎಂಬುದನ್ನು ಕಣ್ಣು ಕಿವಿಗಳಿಗೆ ರೂಢಿ ಮಾಡಿಸಿದ್ದರೆ, ಕೆಟ್ಟ ದಿನ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. ಕೀ ತಿರುಗಿಸಿದಾಗ ಹಳದಿ ದೀಪ ಹತ್ತಲೇ ಇಲ್ಲವೆಂದರೆ ದೋಷವಿಲ್ಲವೆಂದು ಅರ್ಥವಲ್ಲ. ದೀಪವೇ ಹೋಗಿರಬಹುದು, ಇಲ್ಲವೆ ಫ್ಯೂಸ್ ಹೋಗಿರಬಹುದು. ಹಳೆಯ ಗಾಡಿ ಕೊಳ್ಳುವವರು ಇದನ್ನು ವಿಶೇಷವಾಗಿ ನೋಡಬೇಕು. ದೋಷ ಮುಚ್ಚಿಡಲು ದೀಪವನ್ನೇ ಆರಿಸಿಟ್ಟು ಮಾರುವವರೂ ಇದ್ದಾರೆ.

ಸ್ಟ್ಯಾಂಡು ಮತ್ತು ನ್ಯೂಟ್ರಲ್ ದೀಪಗಳ ಜೋಡಿ

ಈ ಎರಡು ದೀಪಗಳನ್ನು ಒಟ್ಟಿಗೇ ತಿಳಿಯಬೇಕು, ಏಕೆಂದರೆ ಅವುಗಳ ಹಿಂದಿರುವ ಸ್ವಿಚ್ಚುಗಳು ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಸೈಡ್ ಸ್ಟ್ಯಾಂಡು ಇಳಿಸಿಕೊಂಡೇ ಗಾಡಿ ಓಡಿಸಿದರೆ ಎಡಕ್ಕೆ ತಿರುಗುವಾಗ ಸ್ಟ್ಯಾಂಡು ನೆಲಕ್ಕೆ ಬಡಿದು ಸವಾರನನ್ನು ಎತ್ತಿ ಹಾಕುತ್ತದೆ. ಅದನ್ನು ತಡೆಯಲು ಮಾಡಿರುವ ಏರ್ಪಾಡು ಹೀಗಿದೆ: ಸ್ಟ್ಯಾಂಡು ಇಳಿದಿದ್ದರೂ ಗಾಡಿ ನ್ಯೂಟ್ರಲ್‌ನಲ್ಲಿದ್ದರೆ ಇಂಜಿನ್ ಓಡಬಹುದು. ಆದರೆ ಸ್ಟ್ಯಾಂಡು ಇಳಿದಿರುವಾಗ ಗೇರು ಹಾಕಿದರೆ ಇಂಜಿನ್ ಆ ಕ್ಷಣವೇ ಬಂದ್ ಆಗುತ್ತದೆ. ಸ್ಟ್ಯಾಂಡು ಮೇಲಿದ್ದರೆ, ಗೇರಿನಲ್ಲಿದ್ದರೂ ಕ್ಲಚ್ ಹಿಡಿದು ಸ್ಟಾರ್ಟ್ ಮಾಡಬಹುದು. (ಸ್ಕೂಟರುಗಳಲ್ಲಿ ನ್ಯೂಟ್ರಲ್ ಎಂಬುದೇ ಇಲ್ಲವಾದ್ದರಿಂದ ಈ ಏರ್ಪಾಡು ಇರುವವುಗಳಲ್ಲಿ ಸ್ಟ್ಯಾಂಡು ಇಳಿದಿದ್ದರೆ ಇಂಜಿನ್ ಸ್ಟಾರ್ಟ್ ಆಗುವುದೇ ಇಲ್ಲ. ಕೆಲವು ಹಳೆಯ ಬೈಕುಗಳಲ್ಲಿ ಬರೀ ದೀಪವಿದೆ, ಇಂಜಿನ್ ನಿಲ್ಲಿಸುವ ಏರ್ಪಾಡಿಲ್ಲ.)

ಈಗ ಒಂದು ಪ್ರಸಂಗ ನೋಡೋಣ. ಕಾಫಿ ಹಣ್ಣು ಕೊಯ್ಲಿನ ಸಮಯ. ಒಬ್ಬ ಬೆಳೆಗಾರರ ಮೂರು ವರ್ಷದ ಇಂಜೆಕ್ಷನ್ ಬೈಕು ಬೆಳಿಗ್ಗೆ ಕಣದ ಹತ್ತಿರ ಒಂದೇ ಗುಂಡಿಗೆ ಸ್ಟಾರ್ಟ್ ಆಯಿತು. ಕ್ಲಚ್ ಹಿಡಿದು ಒಂದನೇ ಗೇರು ಹಾಕಿದರು, ಇಂಜಿನ್ ಆರಿತು. ನ್ಯೂಟ್ರಲ್‌ಗೆ ತಂದರು, ಸ್ಟಾರ್ಟ್ ಆಯಿತು. ಗೇರು ಹಾಕಿದರು, ಮತ್ತೆ ಆರಿತು. ಪಿಕಪ್ ಮಾಡಿ ಪೇಟೆಗೆ ಸಾಗಿಸಿದ್ದಾಯಿತು. ಅಲ್ಲಿ “ಇಂಜೆಕ್ಟರ್ ಕಟ್ಟಿದೆ ಅಣ್ಣಾ” ಎಂದು ಹೇಳಿ ಇಂಜೆಕ್ಟರ್ ತೊಳೆದರು, ಪ್ಲಗ್ ಬದಲಾಯಿಸಿದರು. ಗಾಡಿ ಮಾತ್ರ ಹಾಗೆಯೇ ಇತ್ತು. ಆಮೇಲೆ ಪೆಟ್ರೋಲ್ ಪಂಪು ಬದಲಿಸಬೇಕು, ಎರಡು ದಿನ ಬಿಟ್ಟು ಬನ್ನಿ ಎಂದರು. ಕೊಯ್ಲಿನ ನಡುವೆ ಎರಡು ದಿನ ಗಾಡಿ ಇಲ್ಲದಿರುವುದೆಂದರೇನು ಎಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ದೀಪಗಳು ಏನು ಹೇಳುತ್ತಿದ್ದವು? ಇಂಜೆಕ್ಷನ್ನಿನ ಹಳದಿ ದೀಪ ಎಂದಿನಂತೆ ಹತ್ತಿ ಆರುತ್ತಿತ್ತು. ಪಂಪಿನ ಸದ್ದು ಸರಿಯಾಗಿತ್ತು. ನ್ಯೂಟ್ರಲ್ ದೀಪ ಸರಿಯಾಗಿತ್ತು. ಆದರೆ ಸ್ಟ್ಯಾಂಡು ಮೇಲೆತ್ತಿದ ನಂತರವೂ ಸ್ಟ್ಯಾಂಡಿನ ದೀಪ ಆರುತ್ತಿರಲಿಲ್ಲ. ಇನ್ನೊಂದು ಗುರುತೂ ಇತ್ತು. ಪೆಟ್ರೋಲ್ ಸಾಲದೆ ನಿಲ್ಲುವ ಇಂಜಿನ್ ಕ್ಲಚ್ ಬಿಡುವಾಗ, ಭಾರ ಬಿದ್ದ ಮೇಲೆ, ಮುಗ್ಗರಿಸಿ ಕೆಮ್ಮಿ ನಿಲ್ಲುತ್ತದೆ. ಈ ಇಂಜಿನ್ ಕ್ಲಚ್ ಪೂರ್ತಿ ಹಿಡಿದಿರುವಾಗಲೇ, ಗೇರು ‘ಟಕ್’ ಎಂದು ಬಿದ್ದ ಕ್ಷಣಕ್ಕೆ, ಸ್ವಿಚ್ ಆರಿಸಿದಂತೆ ನಿಲ್ಲುತ್ತಿತ್ತು. ಹಾಗೆ ನಿಲ್ಲುವುದು ಪೆಟ್ರೋಲಿನ ದೋಷದಿಂದಲ್ಲ. ಸ್ಟ್ಯಾಂಡು ಇಳಿದಿದೆ ಎಂದು ಗಾಡಿ ತಿಳಿದುಕೊಂಡಿದೆ ಎಂದು ಅರ್ಥ.

ಸ್ಟ್ಯಾಂಡು ತಿರುಗುವ ಬೋಲ್ಟಿನ ಹತ್ತಿರ ಬೆರಳ ಗಾತ್ರದ ಒಂದು ಸ್ವಿಚ್ಚಿದೆ. ಅದು ಗಾಡಿಯ ಅತಿ ತಳದಲ್ಲಿ, ಮುಂದಿನ ಚಕ್ರ ಎರಚುವ ಕೆಸರಿನ ನೇರಕ್ಕೆ ಇರುತ್ತದೆ. ಮಳೆಗಾಲದ ಕೆಂಪು ಕೆಸರು ಅದರ ಸುತ್ತ ಸೇರಿ, ಬಿಸಿಲಿಗೆ ಒಣಗಿ ಇಟ್ಟಿಗೆಯಂತಾಗುತ್ತದೆ. ಈ ಬೈಕಿನಲ್ಲಿ ಆದದ್ದೂ ಅದೇ. ಕೆಸರಿನ ಹೆಂಟೆ ಸಿಕ್ಕಿ ಸ್ವಿಚ್ಚಿನ ಮೊಳೆ ಪೂರ್ತಿ ಹೊರಕ್ಕೆ ಬರುತ್ತಿರಲಿಲ್ಲ. ಬಕೆಟ್ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಹತ್ತು ನಿಮಿಷದ ಕೆಲಸದಲ್ಲಿ ಗಾಡಿ ಸರಿಹೋಯಿತು.

ಇದನ್ನು ಮನೆಯಲ್ಲೇ ಪರೀಕ್ಷಿಸುವ ಕ್ರಮ ಸುಲಭ. ಗಾಡಿಯನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅದಿಲ್ಲದಿದ್ದರೆ ಇನ್ನೊಬ್ಬರು ನೆಟ್ಟಗೆ ಹಿಡಿದುಕೊಳ್ಳಲಿ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿ, ಸೈಡ್ ಸ್ಟ್ಯಾಂಡನ್ನು ಕಾಲಿನಿಂದ ನಿಧಾನವಾಗಿ ಮೇಲೆ ಕೆಳಗೆ ಆಡಿಸುತ್ತ ದೀಪ ನೋಡಿ. ಮೇಲೆ ಹೋದಾಗ ಆರಬೇಕು, ಕೆಳಗೆ ಬಂದಾಗ ಹತ್ತಬೇಕು, ನಡುವೆ ಮಿಣುಕಬಾರದು. ಮೇಲಿದ್ದಾಗ ಕೈಯಿಂದ ಸ್ವಲ್ಪ ಕೆಳಕ್ಕೆ ಅಲುಗಿಸಿ. ಅಷ್ಟಕ್ಕೇ ದೀಪ ಮಿಣುಕಿದರೆ ಎಳೆಯುವ ಸ್ಪ್ರಿಂಗು ಸಡಿಲವಾಗಿದೆ. ಅಂಥ ಗಾಡಿ ಕಲ್ಲುದಾರಿಯ ಕುಲುಕಿನಲ್ಲಿ ಆಗಾಗ ಕ್ಷಣಕಾಲ ಇಂಜಿನ್ ಕಳೆದುಕೊಳ್ಳುತ್ತದೆ. ಸ್ಪ್ರಿಂಗಿಗೆ ಹೆಚ್ಚು ಬೆಲೆಯಿಲ್ಲ. ಸ್ವಿಚ್ ಶುದ್ಧವಾಗಿದ್ದು ಸ್ಪ್ರಿಂಗೂ ಗಟ್ಟಿಯಾಗಿದ್ದು ದೀಪ ಮಾತ್ರ ಆರದಿದ್ದರೆ ವೈರು ತುಂಡಾಗಿರುವ ಸಂಭವ ಹೆಚ್ಚು. ಅನೇಕ ಗಾಡಿಗಳಲ್ಲಿ ಸ್ಟ್ಯಾಂಡು ಮೇಲಿದ್ದಾಗಲೇ ಸ್ವಿಚ್ಚಿನಲ್ಲಿ ವಿದ್ಯುತ್ ಹರಿಯುವಂತೆ ಮಾಡಿರುತ್ತಾರೆ. ಆದ್ದರಿಂದ ವೈರು ಕಡಿದರೂ ಗಾಡಿ ‘ಸ್ಟ್ಯಾಂಡು ಇಳಿದಿದೆ’ ಎಂದೇ ತಿಳಿದು ನಿಲ್ಲುತ್ತದೆ.

ಇಲ್ಲಿ ಒಂದು ಮಾತು ಖಂಡಿತವಾಗಿ ಹೇಳಬೇಕು. ಆ ಎರಡು ವೈರುಗಳನ್ನು ಒಂದಕ್ಕೊಂದು ಸುತ್ತಿ, ಸ್ವಿಚ್ಚನ್ನೇ ಇಲ್ಲವಾಗಿಸಿ ಗಾಡಿ ಓಡಿಸಿಕೊಡುವ ಪದ್ಧತಿ ನಮ್ಮ ಕಡೆ ಬಹಳ ಇದೆ. ಕಾಡಿನ ನಡುವೆ ಸಂಜೆ ನಿಂತ ಗಾಡಿಯನ್ನು ಮನೆ ಮುಟ್ಟಿಸಲು ಅದು ಆಗಬಹುದು. ಅದೇ ಕಾಯಂ ಆಗಕೂಡದು. ಹಾಗೆ ಮಾಡಿದ ಗಾಡಿಯಲ್ಲಿ ದೀಪವೂ ಎಂದೂ ಹತ್ತುವುದಿಲ್ಲ, ಎಚ್ಚರಿಕೆ ಕೊಡುವವರೇ ಇಲ್ಲ. ತಿರುವುಗಳೇ ತುಂಬಿರುವ ನಮ್ಮ ರಸ್ತೆಗಳಲ್ಲಿ, ಹಿಂದೆ ಒಂದು ಮೂಟೆ ಕಟ್ಟಿಕೊಂಡು ಆತುರದಲ್ಲಿ ಹೊರಟವನಿಗೆ, ಮೊದಲನೆಯ ಎಡ ತಿರುವೇ ಸಾಕು.

ನ್ಯೂಟ್ರಲ್ ದೀಪದ ಸ್ವಿಚ್ಚು ಗೇರ್ ಬಾಕ್ಸಿಗೆ ಹೊಂದಿಕೊಂಡಿರುತ್ತದೆ. ಅದರ ದೋಷ ಎರಡು ದಿಕ್ಕಿನಲ್ಲಿ ಬರಬಹುದು. ನ್ಯೂಟ್ರಲ್‌ನಲ್ಲಿದ್ದರೂ ದೀಪ ಹತ್ತದೆ, ಗುಂಡಿ ಒತ್ತಿದರೆ ಸ್ಟಾರ್ಟರ್ ತಿರುಗದಿದ್ದಾಗ, ಸ್ಟ್ಯಾಂಡು ಮೇಲೆತ್ತಿ ಕ್ಲಚ್ ಪೂರ್ತಿ ಹಿಡಿದು ಒತ್ತಿ ನೋಡಿ. ಆಗ ಸ್ಟಾರ್ಟ್ ಆದರೆ ಬ್ಯಾಟರಿ, ಸ್ಟಾರ್ಟರ್ ಎರಡೂ ಸರಿ ಇವೆ; ನ್ಯೂಟ್ರಲ್ ಸ್ವಿಚ್ಚು ಅಥವಾ ಅದರ ವೈರಿನದೇ ತೊಂದರೆ. ಇದು ಖರ್ಚಿನ ದೋಷ ಮಾತ್ರ, ಅಪಾಯದ್ದಲ್ಲ. ಎರಡನೆಯದು ಅಪಾಯದ್ದು. ಆ ವೈರಿನ ಹೊದಿಕೆ ಸವೆದು ಒಳಗಿನ ತಂತಿ ಗಾಡಿಯ ಚೌಕಟ್ಟಿಗೆ ತಗುಲಿದರೆ, ಬಹಳಷ್ಟು ಗಾಡಿಗಳಲ್ಲಿ ಯಾವ ಗೇರಿನಲ್ಲಿದ್ದರೂ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಆಗ ಗೇರಿನಲ್ಲಿರುವಾಗಲೇ, ಕ್ಲಚ್ ಹಿಡಿಯದೆ ಗುಂಡಿ ಒತ್ತಿದರೂ ಸ್ಟಾರ್ಟರ್ ತಿರುಗಿ ಗಾಡಿ ಮುಂದಕ್ಕೆ ಹಾರುತ್ತದೆ. ಸ್ಟ್ಯಾಂಡು ಇಳಿದಿದ್ದರೂ ಇಂಜಿನ್ ನಿಲ್ಲುವುದಿಲ್ಲ. ಗೇರು ಬದಲಿಸಿದರೂ ಹಸಿರು ದೀಪ ಆರದಿದ್ದರೆ ಅದನ್ನು ತಡಮಾಡದೆ ಸರಿಪಡಿಸಿಕೊಳ್ಳತಕ್ಕದ್ದು.

ಹಳದಿ ದೀಪಕ್ಕೆ ತಿಳಿಯುವುದು, ತಿಳಿಯದಿರುವುದು

ಇಂಜೆಕ್ಷನ್ ಗಾಡಿಯಲ್ಲಿ ಎಷ್ಟು ಪೆಟ್ರೋಲ್ ಚಿಮ್ಮಿಸಬೇಕೆಂದು ಲೆಕ್ಕ ಹಾಕುವುದು ಸೀಟಿನ ಕೆಳಗೋ ಪಕ್ಕದ ಡೂಮಿನ ಒಳಗೋ ಇರುವ ಒಂದು ಪೆಟ್ಟಿಗೆ. ಗಾಡಿಯವರು ಅದನ್ನು ಇ.ಸಿ.ಯು. ಎನ್ನುತ್ತಾರೆ. ಗಾಳಿಯ ಒತ್ತಡ ಎಷ್ಟು, ಇಂಜಿನ್ ಎಷ್ಟು ಬಿಸಿಯಾಗಿದೆ, ಆಕ್ಸಿಲರೇಟರ್ ಎಷ್ಟು ತಿರುಗಿದೆ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬ ಸುದ್ದಿಯನ್ನು ಸೆನ್ಸರುಗಳು ವೈರಿನ ಮೂಲಕ ಅದಕ್ಕೆ ಮುಟ್ಟಿಸುತ್ತವೆ. ಯಾವುದಾದರೂ ಸೆನ್ಸರಿನಿಂದ ಬರುವ ಸುದ್ದಿ ನಿಂತುಹೋದರೆ ಅಥವಾ ನಂಬಲಾಗದಷ್ಟು ವಿಪರೀತವಾದರೆ ಪೆಟ್ಟಿಗೆ ಹಳದಿ ದೀಪ ಹತ್ತಿಸಿ, ದೋಷದ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಆಮೇಲೆ, ಆ ಸೆನ್ಸರಿಲ್ಲದೆಯೂ ಕೆಲಸ ನಡೆಯುವಂತಿದ್ದರೆ, ಒಂದು ಅಂದಾಜಿನ ಲೆಕ್ಕ ಇಟ್ಟುಕೊಂಡು ಗಾಡಿಯನ್ನು ಓಡಿಸುತ್ತದೆ. ಆದ್ದರಿಂದ ಹಳದಿ ದೀಪ ಬಂದು, ಗಾಡಿ ಸುಮಾರಾಗಿ ಓಡುತ್ತಿದ್ದರೆ, ದಾರಿಯಲ್ಲೇ ಬಿಟ್ಟು ಬರಬೇಕಾಗಿಲ್ಲ. ನಿಧಾನವಾಗಿ ಮನೆಗೆ ತರಬಹುದು. ಆದರೆ ಕುಕ್ಕುತ್ತ, ಪಟಪಟನೆ ಸದ್ದು ಮಾಡುತ್ತ ಓಡುತ್ತಿದ್ದರೆ ಹಾಗೆಯೇ ದೂರ ಓಡಿಸಬಾರದು. ಉರಿಯದ ಪೆಟ್ರೋಲ್ ಸೈಲೆನ್ಸರಿನ ಒಳಗಿರುವ ಹೊಗೆ ಶೋಧಿಸುವ ಭಾಗಕ್ಕೆ ಹೋಗಿ ಅಲ್ಲಿ ಉರಿದು ಅದನ್ನು ಕೆಡಿಸುತ್ತದೆ. ಅದು ದುಬಾರಿ ಸಾಮಾನು.

ಸಂಖ್ಯೆ ಓದಲು ಕಂಪನಿಯವರ ಬಳಿ ಯಂತ್ರವಿದೆ. ಹೋಂಡಾದ ಅನೇಕ ಗಾಡಿಗಳಲ್ಲಿ ದೀಪವೇ ಮಿಟುಕಿ ಸಂಖ್ಯೆ ಹೇಳುವ ಕ್ರಮವೂ ಉಂಟು. ಒಂದು ಉದ್ದ ಮಿಟುಕು ಹತ್ತಕ್ಕೆ, ಒಂದು ಗಿಡ್ಡ ಮಿಟುಕು ಒಂದಕ್ಕೆ ಸಮ. ಏಳು ಗಿಡ್ಡ ಮಿಟುಕು ಬಂದರೆ 7, ಅಂದರೆ ಇಂಜಿನ್ ಬಿಸಿಯ ಸೆನ್ಸರು. ಒಂದು ಉದ್ದ, ಎರಡು ಗಿಡ್ಡವಾದರೆ 12, ಅಂದರೆ ಇಂಜೆಕ್ಟರು. ಬೇರೆ ಕಂಪನಿಗಳ ಲೆಕ್ಕ ಬೇರೆ, ಆದ್ದರಿಂದ ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹಚ್ಚಬಾರದು. ಸಂಖ್ಯೆ 7 ಬಂತೆಂದರೆ ಸೆನ್ಸರೇ ಕೆಟ್ಟಿದೆ ಎಂದೂ ತಿಳಿಯಬೇಡಿ. ಸೆನ್ಸರಿನ ದಾರಿಯಲ್ಲಿ ಎಲ್ಲೋ ತೊಂದರೆ ಎಂದಷ್ಟೇ ಅದರ ಅರ್ಥ. ಅಡಿಕೆ ಚೀಲಗಳ ಪಕ್ಕದಲ್ಲಿ ರಾತ್ರಿ ನಿಲ್ಲಿಸಿದ ಬೈಕಿನ ವೈರನ್ನು ಇಲಿ ಕಡಿದಿರಬಹುದು. ಔಷಧಿ ಹೊಡೆಯುವ ಪವರ್ ಸ್ಪ್ರೇಯರಿನಿಂದಲೇ ಬೈಕು ತೊಳೆಯುವ ಅಭ್ಯಾಸ ಅನೇಕರಿಗಿದೆ. ಆ ರಭಸಕ್ಕೆ ವೈರುಗಳ ಜೋಡಣೆಯ ಒಳಗೆ ನೀರು ನುಗ್ಗುತ್ತದೆ. ಪೈಪಿನಲ್ಲಿ ಬೋರ್ಡೋ ದ್ರಾವಣದ ಅಂಶ ಉಳಿದಿದ್ದರೆ ಮೈಲುತುತ್ತು ಕಬ್ಬಿಣವನ್ನು ತಿನ್ನುವುದು ಬೇರೆ. ಹೊಸ ಸೆನ್ಸರಿಗೆ ಹಣ ಕೊಡುವ ಮುನ್ನ, ಜೋಡಣೆ ಬಿಚ್ಚಿ ಒರೆಸಿ ಒಣಗಿಸಿ ನೋಡಿದಿರಾ ಎಂದು ಕೇಳುವುದು ತಪ್ಪಲ್ಲ. ದೋಷ ನಿಜವಾಗಿ ಹೋದ ಮೇಲೂ ದೀಪ ಆ ಕೂಡಲೇ ಆರದೆ, ಕೆಲವು ಗಾಡಿಗಳಲ್ಲಿ ಮೂರು ನಾಲ್ಕು ಸಲ ಓಡಿಸಿದ ಮೇಲೆ ಆರುತ್ತದೆ. ಅದಕ್ಕೆ ಗಾಬರಿಯಾಗಬೇಕಿಲ್ಲ.

ಈ ದೀಪದ ಮಿತಿಯನ್ನೂ ತಿಳಿದಿರಬೇಕು. ಅದು ನೋಡುವುದು ಬಹುಮಟ್ಟಿಗೆ ವಿದ್ಯುತ್ತಿನ ದಾರಿಯನ್ನು. ಪೆಟ್ರೋಲಿನಲ್ಲಿ ನೀರು ಸೇರಿದ್ದರೆ, ಗಾಳಿಯ ಫಿಲ್ಟರಿನಲ್ಲಿ ಧೂಳು ತುಂಬಿದ್ದರೆ, ಪ್ಲಗ್ ಸವೆದಿದ್ದರೆ ದೀಪ ಬಾರದೆಯೂ ಗಾಡಿ ಸತಾಯಿಸುತ್ತದೆ. ಕಳೆ ಕೊಚ್ಚುವ ಯಂತ್ರಕ್ಕೆಂದು ಕ್ಯಾನಿನಲ್ಲಿಟ್ಟ ಆಯಿಲ್ ಬೆರೆಸಿದ ಪೆಟ್ರೋಲನ್ನು ಆಳು ಮಕ್ಕಳು ಬೈಕಿಗೆ ಸುರಿದರೂ ದೀಪ ಅದನ್ನು ಹೇಳಲಾರದು. ಎಥೆನಾಲ್ ಬೆರೆತ ಈಗಿನ ಪೆಟ್ರೋಲಿಗೆ ನೀರು ಹೆಚ್ಚು ಸೇರಿದರೆ ಎಥೆನಾಲೂ ನೀರೂ ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪು ಎಳೆಯುವುದು ಅಲ್ಲಿಂದಲೇ. ಮಳೆಯಲ್ಲಿ ಹೊರಗೆ ನಿಲ್ಲಿಸುವವರು ಟ್ಯಾಂಕಿನ ಮುಚ್ಚಳದ ರಬ್ಬರನ್ನು ನೋಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯ ತೋಟದವರಿಗೆ ಬಹಳ ಬೇಕಾದುದು. ಕೆಸರಿನಲ್ಲಿ ಜಾರಿ ಗಾಡಿ ಮಗ್ಗುಲಿಗೆ ಬಿದ್ದರೆ, ಬೀಳುವಿಕೆಯನ್ನು ಗುರುತಿಸುವ ಸೆನ್ಸರು ಇರುವ ಗಾಡಿಗಳಲ್ಲಿ ಪೆಟ್ರೋಲ್ ಪಂಪು ಮತ್ತು ಇಂಜಿನ್ ತಾವಾಗಿ ಬಂದ್ ಆಗುತ್ತವೆ. ಬೆಂಕಿಯ ಅಪಾಯ ತಪ್ಪಿಸಲು ಆ ಏರ್ಪಾಡು. ಎತ್ತಿ ನಿಲ್ಲಿಸಿ ಎಷ್ಟು ಗುಂಡಿ ಒತ್ತಿದರೂ ಅದು ಸ್ಟಾರ್ಟ್ ಆಗದು, ಬ್ಯಾಟರಿ ಇಳಿಯುವುದೊಂದೇ ಲಾಭ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಕೀ ಪೂರ್ತಿ ಆರಿಸಿ, ಹತ್ತು ಎಣಿಸಿ, ಮತ್ತೆ ತಿರುಗಿಸಬೇಕು. ಪಂಪಿನ ಸದ್ದು ಕೇಳಿಸಿ ಹಳದಿ ದೀಪ ಎಂದಿನಂತೆ ನಡೆದುಕೊಂಡರೆ ಆಗ ಗುಂಡಿ ಒತ್ತಬಹುದು. ಸದ್ದು ಬಾರದಿದ್ದರೆ ಬಿದ್ದ ಪೆಟ್ಟಿಗೆ ಬಲಗೈ ಹತ್ತಿರದ ಕೆಂಪು ಸ್ವಿಚ್ಚು ಆರಿಹೋಗಿದೆಯೇ ಎಂದು ಮೊದಲು ನೋಡಿ.

ಬಿಸಿಯ ದೀಪ

ಹಳದಿ ದೀಪ ಬಂದಾಗ ಮನೆಗೆ ಬರಬಹುದು ಎಂದೆವು. ಕೆಂಪು ದೀಪ ಹಾಗಲ್ಲ. ನೀರಿನ ಅಲೆಯ ಮೇಲೆ ಉಷ್ಣಮಾಪಕ ನಿಲ್ಲಿಸಿದಂತಹ ಚಿತ್ರವುಳ್ಳ ಈ ದೀಪ ರೇಡಿಯೇಟರ್ ಇರುವ ಗಾಡಿಗಳಲ್ಲಿ ಇರುತ್ತದೆ. ಬರೀ ಗಾಳಿಯಿಂದ ತಣಿಯುವ ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ ಈ ದೀಪವಿಲ್ಲ. ಅವುಗಳಲ್ಲೂ ಬಿಸಿ ಅಳೆಯುವ ಸೆನ್ಸರು ಇರುತ್ತದಾದರೂ ಅದು ಪೆಟ್ರೋಲಿನ ಲೆಕ್ಕಕ್ಕೆ ಮಾತ್ರ.

ಮೂಟೆ ಹೇರಿಕೊಂಡು ಒಂದನೇ ಗೇರಿನಲ್ಲಿ, ಅರ್ಧ ಕ್ಲಚ್ಚಿನಲ್ಲಿ ದಿಬ್ಬ ಹತ್ತುವಾಗ ಇಂಜಿನ್ ಬಹಳ ದುಡಿಯುತ್ತದೆ, ಗಾಡಿಯ ವೇಗ ಕಡಿಮೆಯಾದ್ದರಿಂದ ರೇಡಿಯೇಟರಿಗೆ ಗಾಳಿ ಸಿಕ್ಕುವುದಿಲ್ಲ. ಮುಂದಿನ ಚಕ್ರದ ಕೆಸರು ಅದರ ತೆಳು ರೆಕ್ಕೆಗಳ ನಡುವೆ ಒಣಗಿ ನಿಂತಿದ್ದರೆ ಇನ್ನೂ ಕಷ್ಟ. ದೀಪ ಹತ್ತಿದ ಕೂಡಲೇ ನಿಲ್ಲಿಸಿ, ಇಂಜಿನ್ ಆರಿಸಿ. ಮತ್ತೆ ಕೀ ಮಾತ್ರ ತಿರುಗಿಸಿ ಫ್ಯಾನು ತಿರುಗುತ್ತಿದೆಯೇ ನೋಡಿ, ಕೀ ಆರಿಸಿ. ಫ್ಯಾನು ತಿರುಗುತ್ತಿದ್ದರೆ ತಣಿಯಲು ಬಿಟ್ಟು, ನೀರಿನ ಮಟ್ಟ ನೋಡಿ ಮುಂದುವರಿಯಬಹುದು. ತಿರುಗದಿದ್ದರೆ ಫ್ಯೂಸೋ ಫ್ಯಾನೋ ಕೆಟ್ಟಿದೆ, ಇಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ. ಕಾದ ಇಂಜಿನ್ನಿನ ಮೇಲೆ ತೊರೆಯ ನೀರು ಎರಚಬಾರದು, ಲೋಹ ಸೀಳಬಹುದು. ರೇಡಿಯೇಟರಿನ ಮುಚ್ಚಳ ತೆರೆಯಲೇಬಾರದು. ಒಳಗಿನ ದ್ರವ ಒತ್ತಡದಲ್ಲಿದ್ದು ನೂರು ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣಕ್ಕೆ ಕುದಿದು ಮುಖಕ್ಕೆ ಹಾರುತ್ತದೆ. ಕುಕ್ಕರಿನ ಮುಚ್ಚಳವನ್ನು ಹಬೆ ಇಳಿಯುವ ಮುಂಚೆ ತೆರೆದಂತೆಯೇ.

ಈ ದೀಪಕ್ಕೂ ಒಂದು ಕುರುಡಿದೆ. ಅದರ ಸೆನ್ಸರು ದ್ರವದಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ಕಲ್ಲು ಸಿಡಿದೋ ಪೈಪು ಬಿರುಕು ಬಿಟ್ಟೋ ದ್ರವವೆಲ್ಲ ಸೋರಿಹೋಗಿದ್ದರೆ ಸೆನ್ಸರಿನ ಸುತ್ತ ಬರೀ ಗಾಳಿ. ಇಂಜಿನ್ ಸುಡುತ್ತಿದ್ದರೂ ದೀಪ ತಡವಾಗಿ ಬರಬಹುದು, ಬಾರದೆಯೂ ಇರಬಹುದು. ಆದ್ದರಿಂದ ದೀಪವೊಂದನ್ನೇ ನೆಚ್ಚದೆ, ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ದ್ರವ ಎರಡು ಗೀಟುಗಳ ನಡುವೆ ಇದೆಯೇ ನೋಡಬೇಕು. ಕಡಿಮೆಯಾಗಿದ್ದರೆ ಕಂಪನಿ ಹೇಳಿದ ಕೂಲೆಂಟನ್ನೇ ಹಾಕಬೇಕು. ಬಾವಿಯ ಅಥವಾ ತೊರೆಯ ನೀರು ತುರ್ತಿಗೆ ಮಾತ್ರ; ಹಾಗೆ ಹಾಕಿದ್ದರೆ ಆಮೇಲೆ ಪೂರ್ತಿ ತೆಗೆಸಿ ಹೊಸದು ತುಂಬಿಸಬೇಕು. ಡಬ್ಬಿ ಪೂರ್ತಿ ಖಾಲಿಯಾಗಿದ್ದರೆ ಬರೀ ಡಬ್ಬಿ ತುಂಬಿ ಸುಮ್ಮನಾಗದೆ, ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ಅಲ್ಲಿಯೂ ಬಾಯಿಮಟ್ಟ ಇದೆಯೇ ನೋಡಿ, ಎಲ್ಲಿ ಸೋರುತ್ತಿದೆ ಎಂದು ಪೈಪಿನ ಗಂಟುಗಳಲ್ಲಿ ಹುಡುಕಬೇಕು.